ಘೇರಿನ ಲೆಹೆಂಗಾದ ಅಂಚಿಗೆ ನೇರ ಕ್ಯಾನ್ವಾಸ್ ಪಟ್ಟಿ ಅಂಟಿಸಬೇಡಿ

“ಚಿಕ್ಕಮ್ಮಾ, ಕೆಳಗೆ ಸುತ್ತಲೂ ಹಪ್ಪಳ ಉಬ್ಬಿದ ಹಾಗೆ ಕಾಣುತ್ತಿದೆಯಲ್ಲ!” ಅಕ್ಕನ ಮಗಳು ಕನ್ನಡಿಯ ಮುಂದೆ ನಿಂತು ಹೀಗೆಂದಾಗ ಅವಳ ಆರತಕ್ಷತೆಗೆ ಎರಡೇ ದಿನ ಉಳಿದಿತ್ತು. ಇಪ್ಪತ್ತು ವರ್ಷಗಳಿಂದ ರವಿಕೆ, ಲಂಗ ಹೊಲಿಯುತ್ತಿರುವವಳು ನಾನು. ಹದಿನಾರು ಕಲಿಗಳ, ಅಂದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಹದಿನಾರು ತುಂಡುಗಳನ್ನು ಜೋಡಿಸಿದ ಲೆಹೆಂಗಾ ಎಂದರೆ ಲಂಗಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ, ಅಷ್ಟೇ ಎಂದುಕೊಂಡಿದ್ದೆ.

ಅಳತೆ ಸರಳವಾಗಿತ್ತು. ಸೊಂಟ 32 ಇಂಚು, ಉದ್ದ 40, ಕೆಳಗಿನ ಸುತ್ತಳತೆ, ಅಂದರೆ ಘೇರು, 160. ಎರಡು ಇಂಚು ಬೆಲ್ಟಿಗೆ ಹೋದರೆ ಕಲಿಯ ಉದ್ದ 38. ಹದಿನಾರರಿಂದ ಭಾಗಿಸಿದರೆ ಒಂದು ಕಲಿ ಮೇಲೆ 2 ಇಂಚು, ಕೆಳಗೆ 10 ಇಂಚು. ಎರಡೂ ಬದಿಗೆ ಅರ್ಧರ್ಧ ಇಂಚು ಮಾರ್ಜಿನ್ ಸೇರಿಸಿ 3 ಮತ್ತು 11 ಎಂದು ಕತ್ತರಿಸಿದೆ.

ಮೊದಲ ಪೆಟ್ಟು ಸೊಂಟದಲ್ಲೇ ಬಿತ್ತು. ಅರ್ಧ ಇಂಚಿಗೆ ಗೆರೆ ಹಾಕದೆ, ಮಷಿನ್ನಿನ ಪಾದದ ಅಂಚನ್ನೇ ನಂಬಿ ಹೊಲಿದುಕೊಂಡು ಹೋದೆ. ಹೊಲಿಗೆ ಅರ್ಧ ಇಂಚಿನ ಬದಲು ಮೂರೆಂಟಾಂಶ ಇಂಚಿನಲ್ಲಿ ಬಿದ್ದಿತ್ತು. ಒಂದು ಜೋಡಣೆಯಲ್ಲಿ ಎರಡೂ ಕಡೆ ಸೇರಿ ಕಾಲು ಇಂಚು ಉಳಿಯಿತು, ಹದಿನಾರು ಜೋಡಣೆಗೆ ನಾಲ್ಕು ಇಂಚು. ಬೆಲ್ಟು 32, ಸ್ಕರ್ಟಿನ ಬಾಯಿ 36! ನೆರಿಗೆ ಕೊಟ್ಟು ಕೂರಿಸಿದ್ದರೆ ಕಲಿಗಳು ಹೊಟ್ಟೆಯ ಮೇಲೆ ಉಬ್ಬಿಕೊಳ್ಳುತ್ತಿದ್ದವು. ಆದ್ದರಿಂದ ಎಲ್ಲ ಹೊಲಿಗೆಗಳನ್ನೂ ಮೇಲಿನಿಂದ ಕೆಳಕ್ಕೆ ಸರಿಯಾದ ಗೆರೆಯ ಮೇಲೆ ಮತ್ತೆ ಹಾಕಿದೆ. ನಾಲ್ಕು ಕಲಿ ಹೊಲಿದ ಕೂಡಲೇ ಟೇಪು ಹಿಡಿದು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು: ಎರಡು ಹೊರಬದಿಗಳ ಅರ್ಧರ್ಧ ಇಂಚು ಮಾರ್ಜಿನ್ ಬಿಟ್ಟು 8 ಇಂಚು ಬರಬೇಕಾದಲ್ಲಿ 8.75 ಬರುತ್ತಿತ್ತು.

ನಿಜವಾದ ಅನಾಹುತ ಕೆಳಗೆ ಕಾದಿತ್ತು. ಅಂಚು ಬಿಗಿಯಾಗಿ ನಿಂತರೆ ಘೇರು ಚೆನ್ನಾಗಿ ಹರಡುತ್ತದೆ ಎಂದು ನಾಲ್ಕು ಇಂಚು ಅಗಲದ ಅಂಟು ಕ್ಯಾನ್ವಾಸ್ ತಂದೆ. “ಉದ್ದ ಪಟ್ಟಿ ಕತ್ತರಿಸಿ ಸುತ್ತ ಇಸ್ತ್ರಿ ಮಾಡಿಬಿಡಿ” ಎಂದರು ಅಂಗಡಿಯವರು. ನಾನೂ ತಲೆಯಾಡಿಸಿದೆ. ಕೆಳ ಅಂಚಿಗೆ ಸರಿಯಾಗಿ ಕೂತ ಪಟ್ಟಿ ಮೇಲಂಚಿನಲ್ಲಿ ಬಟ್ಟೆಗಿಂತ ಉದ್ದವಾಗಿ ಕಂಡಿತು. ಇಸ್ತ್ರಿಯಲ್ಲಿ ಒತ್ತಿದರೆ ಸರಿಹೋದೀತು ಎಂದು ಒತ್ತಿಯೇಬಿಟ್ಟೆ. ಹೆಚ್ಚಾದದ್ದೆಲ್ಲ ಸಣ್ಣ ಸಣ್ಣ ಮಡಿಕೆಗಳಾಗಿ ಅಂಟಿಕೊಂಡಿತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಕಲಿ 38 ಇಂಚು ಉದ್ದದಲ್ಲಿ 8 ಇಂಚು ಅಗಲವಾಗುತ್ತದೆ. ಅಂಚಿನಿಂದ ನಾಲ್ಕು ಇಂಚು ಮೇಲೆ ಅದರ ಅಗಲ 10 ಅಲ್ಲ, ಸುಮಾರು 9.16. ಹದಿನಾರು ಕಲಿಗೆ 146.5. ಕೆಳಗೆ 160, ಮೇಲೆ 146.5, ನಡುವಿನ ಹದಿಮೂರೂವರೆ ಇಂಚಿಗೆ ನೇರ ಪಟ್ಟಿಯಲ್ಲಿ ಹೋಗಲು ಜಾಗವೇ ಇಲ್ಲ. ಘೇರು ಹೆಚ್ಚಿದಷ್ಟೂ, ಪಟ್ಟಿ ಅಗಲವಾದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ.

ಮಾಡಬೇಕಾದದ್ದು ಇಷ್ಟು: ಕಲಿಯ ಕಾಗದದ ಅಚ್ಚಿನ ಕೆಳಗಿನ ನಾಲ್ಕು ಇಂಚನ್ನೇ ಕ್ಯಾನ್ವಾಸಿನ ಮೇಲೆ ಇಟ್ಟು ಮಾರ್ಜಿನ್ ಬಿಡದೆ ಹದಿನಾರು ತುಂಡು ಕತ್ತರಿಸಿ. ಅವನ್ನು ಅಂಚಿನ ಒಳಬದಿಗೆ ಬರುವ ಒಳಪಟ್ಟಿಯ ಬಟ್ಟೆಗೆ ಅಂಟಿಸಿ. ಆ ಒಳಪಟ್ಟಿಯೂ ಅದೇ ಅಚ್ಚಿನಲ್ಲಿ, ಆದರೆ ಮಾರ್ಜಿನ್ ಸೇರಿಸಿ ಕತ್ತರಿಸಿದ್ದಿರಬೇಕು. ಆಗ ಜೋಡಣೆಗಳಲ್ಲಿ ಕ್ಯಾನ್ವಾಸ್ ದಪ್ಪ ಕಟ್ಟುವುದಿಲ್ಲ. ಇಷ್ಟು ಶ್ರಮ ಬೇಡವೆಂದರೆ ನೈಲಾನ್ ಬಲೆಯ ಗಟ್ಟಿ ಪಟ್ಟಿ ಸಿಗುತ್ತದೆ. ಅಗಲವಾದವುಗಳಲ್ಲಿ ಒಂದು ಅಂಚಿಗೆ ಎಳೆಯುವ ದಾರವಿರುತ್ತದೆ. ಆ ಅಂಚನ್ನು ಮೇಲಕ್ಕಿಟ್ಟು ದಾರ ಎಳೆದರೆ ಪಟ್ಟಿ ತಾನೇ ಬಾಗುತ್ತದೆ.

ಅಂಚು ಮಡಿಸುವ ಮೊದಲು ಲೆಹೆಂಗಾವನ್ನು ಬೆಲ್ಟಿನಿಂದ ಒಂದು ದಿನ ತೂಗುಹಾಕಿ. ಕಲಿಯ ಬದಿಗಳು ಓರೆಯಾಗಿರುವುದರಿಂದ ಬಟ್ಟೆಯ ತೂಕಕ್ಕೆ ಅಲ್ಲಿ ಇಳಿಯುತ್ತದೆ. ಅದಕ್ಕೂ ಮೊದಲೇ ಕಲಿಯ ಬದಿ ನಡುಭಾಗಕ್ಕಿಂತ ಹೆಚ್ಚುಕಡಿಮೆ ಕಾಲು ಇಂಚು ಉದ್ದವಿರುತ್ತದೆ. ಕೆಳ ಅಂಚನ್ನು ನೇರವಾಗಿ ಬಿಟ್ಟರೆ ಪ್ರತಿ ಜೋಡಣೆಯಲ್ಲೂ ಮೂತಿ ಇಳಿಯುತ್ತದೆ. ತೊಡಿಸಿ ನಿಲ್ಲಿಸಿ, ನೆಲದಿಂದ ಸ್ಕೇಲಿನಲ್ಲಿ ಅಳೆದು ಗುರುತು ಹಾಕಿ, ದುಂಡಗೆ ಕತ್ತರಿಸಿ.

ನನ್ನ ಲೆಹೆಂಗಾ? ಬಿಸಿ ಇಸ್ತ್ರಿ ತಾಗಿಸಿ ಕ್ಯಾನ್ವಾಸ್ ಕಿತ್ತೆ. ರಾ ಸಿಲ್ಕಿನ ಮೇಲೆ ಅಂಟಿನ ಕಲೆ ಉಳಿಯಿತು. ಮುಚ್ಚಲು ನಾಲ್ಕು ಇಂಚಿನ ಜರಿ ಲೇಸ್ ತಂದು ಕೆಳಗಿನಿಂದ ಹೊಲಿಯುತ್ತಾ ಬಂದೆ. ಅದೂ ನೇರ ಪಟ್ಟಿಯೇ ತಾನೆ! ಮೇಲೆ ಮತ್ತೆ ಅದೇ ಹದಿಮೂರೂವರೆ ಇಂಚು ಎದ್ದು ನಿಂತಿತು. ರಾತ್ರಿ ಒಂದು ಗಂಟೆಯವರೆಗೆ ಕೂತು, ಹದಿನಾರು ಜೋಡಣೆಗಳ ಮೇಲೂ ಲೇಸಿನ ಮೇಲಂಚಿನಲ್ಲಿ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚಿನ ಡಾರ್ಟ್, ಅಂದರೆ ಕೆಳಗೆ ಮೊನಚಾಗುವ ಮಡಿಕೆ, ಹಿಡಿದೆ. ಫೋಟೋಗಳಲ್ಲಿ ಅದು ಬೇಕೆಂದೇ ಮಾಡಿದ ವಿನ್ಯಾಸದ ಹಾಗೆ ಕಾಣುತ್ತದೆ ಎಂದು ಅಕ್ಕ ಹೇಳುತ್ತಾಳೆ. ನಾನಿನ್ನೂ ಆ ಫೋಟೋಗಳನ್ನು ಸೊಂಟದಿಂದ ಮೇಲಕ್ಕೆ ಮಾತ್ರ ನೋಡುತ್ತೇನೆ.