200 ಎಂಬಿಪಿಎಸ್ ಪ್ಲಾನ್, 14 ತಿಂಗಳ ಬಳಕೆ: ಸ್ಪೀಡ್ ಇದೆ, ಮಾತು ಮಾತ್ರ ತುಂಡಾಗುತ್ತೆ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ ಈ ಫೈಬರ್ ಬಂದು 14 ತಿಂಗಳಾಯಿತು. ಮೊದಲು 100 ಎಂಬಿಪಿಎಸ್ ಇತ್ತು. ಸಂಜೆ ಆಫೀಸಿನ ವಿಡಿಯೋ ಕಾಲ್‌ನಲ್ಲಿ ನನ್ನ ಮಾತು ತುಂಡಾಗುತ್ತೆ ಅಂತ 200ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. ಕಂಪನಿಯ ಹುಡುಗ ಬಂದು ಸ್ಪೀಡ್ ಟೆಸ್ಟ್ ಮಾಡಿದ. "198 ಬರಾಕತ್ತೈತಲ್ರಿ ಸರ್, ನಮ್ಮ ಕಡೆ ಏನೂ ಪ್ರಾಬ್ಲಮ್ ಇಲ್ರಿ" ಅಂದು ಹೋದ. ಅವನು ಹೇಳಿದ್ದು ಸುಳ್ಳಲ್ಲ. ಅವನು ಅಳೆದದ್ದೇ ಬೇರೆ, ನನಗೆ ಬೇಕಿದ್ದದ್ದೇ ಬೇರೆ.

ಹುಬ್ಬಳ್ಳಿ–ಧಾರವಾಡ ರಸ್ತೆಯನ್ನೇ ತಗೊಳ್ಳಿ. ನಿಮಿಷಕ್ಕೆ ಎಷ್ಟು ಗಾಡಿ ದಾಟುತ್ತವೆ ಅನ್ನೋದು ಬ್ಯಾಂಡ್‌ವಿಡ್ತ್. ನಿಮ್ಮ ಒಂದು ಗಾಡಿ ಧಾರವಾಡ ಮುಟ್ಟಿ ವಾಪಸ್ ಬರಲು ಹಿಡಿಯುವ ಹೊತ್ತು ಲೇಟೆನ್ಸಿ. ಪ್ಲಾನ್ ಏರಿಸಿದರೆ ರಸ್ತೆ ಅಗಲವಾಗುತ್ತೆ, ಧಾರವಾಡ ಹತ್ತಿರ ಬರಲ್ಲ. ಸಿನಿಮಾ ಇಳಿಸುವುದು ಲಾರಿಗಳ ಸಾಲು, ಅದಕ್ಕೆ ಅಗಲ ಬೇಕು. ಕಾಲ್‌ನಲ್ಲಿ ಹೋಗುವ ಮಾತು ಒಂದೊಂದೇ ಬೈಕ್. ಅದಕ್ಕೆ ಜಾಗ ಸ್ವಲ್ಪ ಸಾಕು, ಎಲ್ಲೂ ನಿಲ್ಲಬಾರದು ಅಷ್ಟೇ.

ನನ್ನ ಬೈಕ್ ಎಲ್ಲಿ ನಿಲ್ಲುತ್ತಿತ್ತು? ಒಂದು ಸಂಜೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದಲೇ ರೌಟರ್‌ಗೆ ಜೋಡಿಸಿದೆ, ವೈಫೈ ಮೇಲೆ ಅನುಮಾನ ಉಳಿಯಬಾರದು ಅಂತ. ವಿಂಡೋಸ್‌ನಲ್ಲಿ ಇದನ್ನು ಓಡಿಸಿಟ್ಟೆ:

```
ping -t 8.8.8.8
```

ಹೋಗಿ ವಾಪಸ್ ಬರುವ ಹೊತ್ತು ಸುಮಾರು 15 ಮಿಲಿಸೆಕೆಂಡ್ ಅಂತ ತೋರಿಸುತ್ತಿತ್ತು. ಮನೆಯವಳ ಮೊಬೈಲ್ ಫೋಟೋ ಬ್ಯಾಕಪ್ ಶುರು ಮಾಡಿದ್ದೇ ತಡ, 400 ದಾಟಿತು. ಬ್ಯಾಕಪ್ ನಿಲ್ಲಿಸಿದೆ, ಮತ್ತೆ 15.

ಗುಟ್ಟು ಅಪ್‌ಲೋಡ್‌ನಲ್ಲಿತ್ತು. ಎರಡೂ ಪ್ಲಾನ್‌ನಲ್ಲಿ ಅದು 20 ಎಂಬಿಪಿಎಸ್ ಮಾತ್ರ. ಬರುವ ದಾರಿ ಅಗಲ ಮಾಡಿದ್ದಕ್ಕೆ ದುಡ್ಡು ಕೊಟ್ಟೆ, ಹೋಗುವ ದಾರಿ ಹಾಗೇ ಉಳಿದಿತ್ತು. ಫೋಟೋಗಳು ಆ ದಾರಿಗೆ ಒಮ್ಮೆಲೇ ನುಗ್ಗಿದಾಗ ಕಂಪನಿ ಕೊಟ್ಟ ಡಬ್ಬಿ ಹೆಚ್ಚಾದದ್ದನ್ನು ಬಿಸಾಕಲ್ಲ, ಮೆಮೊರಿಯಲ್ಲಿ ಸಾಲು ನಿಲ್ಲಿಸುತ್ತೆ. ಸಾಲಿನಲ್ಲಿ 1 ಎಂಬಿ ನಿಂತಿದೆ ಅಂದುಕೊಳ್ಳಿ. ಅಂದರೆ 8 ಮೆಗಾಬಿಟ್. 20ರ ದಾರಿಯಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್, ಅಂದರೆ 400 ಮಿಲಿಸೆಕೆಂಡ್. ನನ್ನ ಮಾತು ಆ ಸಾಲಿನ ಬಾಲದಲ್ಲಿ! ಇದಕ್ಕೆ ಬಫರ್‌ಬ್ಲೋಟ್ ಅಂತಾರೆ.

ಆಮೇಲೆ ಮೆನುವಿನಲ್ಲಿ `SQM` ಅನ್ನೋ, ಸಾಲು ನಿಭಾಯಿಸುವ ಸೆಟ್ಟಿಂಗ್ ಇರುವ ಸ್ವಂತ ರೌಟರ್ ತಂದೆ. ಅಪ್‌ಲೋಡನ್ನು 18ಕ್ಕೆ ಕಟ್ಟಿಹಾಕಿದೆ. 20ಕ್ಕಿಂತ ಕಮ್ಮಿ ಯಾಕೆ ಅಂದರೆ, ಸಾಲು ಅವರ ಡಬ್ಬಿಯಲ್ಲಿ ಅಲ್ಲ, ನನ್ನ ರೌಟರ್‌ನಲ್ಲೇ ನಿಲ್ಲಬೇಕು. ಇದು ಫೋಟೋ, ಕಾಲ್ ಎರಡನ್ನೂ ಸರದಿ ಪ್ರಕಾರ ಬಿಡುತ್ತೆ. ಹೆಚ್ಚುಕಮ್ಮಿ ಚಿಗರಿ ಬಸ್ಸಿಗೆ ಬೇರೆ ಲೇನ್ ಇದ್ದ ಹಾಗೆ, ಪಕ್ಕದಲ್ಲಿ ಎಷ್ಟೇ ಗದ್ದಲ ಇರಲಿ. ಈಗ ಬ್ಯಾಕಪ್ ನಡೆಯುವಾಗಲೂ 25ರ ಆಸುಪಾಸು. ಬ್ಯಾಕಪ್ ಸ್ವಲ್ಪ ನಿಧಾನ, ಅದು ನಡೆಯುತ್ತೆ.

ದೂರದ ತಡ ಮಾತ್ರ ಇದರಿಂದ ಹೋಗಲ್ಲ. ಮಗ ಅಮೆರಿಕದ ಸರ್ವರ್‌ನಲ್ಲಿ ಗೇಮ್ ಆಡಿದರೆ 200 ಮಿಲಿಸೆಕೆಂಡ್ ದಾಟೇ ದಾಟುತ್ತೆ. ಫೈಬರ್‌ನಲ್ಲಿ ಬೆಳಕು ಓಡೋದೇ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಅದಕ್ಕೆ ಯಾವ ಪ್ಲಾನೂ ಇಲ್ಲ.

ಐದಕ್ಕೆ ಮೂರು ಸ್ಟಾರ್. ಲೈನ್ ಗಟ್ಟಿ, ಮಳೆಗಾಲದಲ್ಲೂ ಹೋಗಿಲ್ಲ. ಆದರೆ ಅಪ್‌ಲೋಡ್ ಎಷ್ಟು ಅಂತ ಕೇಳಿದರೆ ಮಾತ್ರ ಹೇಳುತ್ತಾರೆ. ಮುಂದಿನ ತಿಂಗಳಿಂದ ನಾನು ಮತ್ತೆ 100ರ ಪ್ಲಾನಿಗೆ.