ಬ್ಯಾಂಕಾಕ್ ಪ್ರವಾಸಕ್ಕೆ ಲೆಕ್ಕದ ಚೀಟಿಯೋ, ಫೋನಿನ ಆ್ಯಪೋ?

ಅಕ್ಕಾ, ಥಾಯ್ ಹಣವಾದ ಬಾತ್‌ನಲ್ಲಿರುವ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಲು, ವಿರಾಜಪೇಟೆಯಿಂದ ಹೊರಡುವ ಮೊದಲು ಅತ್ತೆಗೆ ಬರೆದ ಚೀಟಿ ಕೊಡಲೋ, ಫೋನಿನ ಆ್ಯಪ್ ಹಾಕಿಕೊಡಲೋ ಎಂದಿರಲ್ಲ.

ಬಳಸಲು ಸುಲಭ ಚೀಟಿಯೇ. ಥಾಯ್ ನೋಟುಗಳು 20, 50, 100, 500, 1000 ಬಾತ್‌ನವು, ಐದೇ ಸಾಲು ಸಾಕು. ಹಣ ಬದಲಿಸುವ ಕೌಂಟರಿನಲ್ಲಿ ಬಾತ್‌ಗೆ 2.64 ರೂಪಾಯಿ ತೆಗೆದುಕೊಂಡರು ಎಂದುಕೊಳ್ಳಿ. 20ಕ್ಕೆ 55, 50ಕ್ಕೆ 135, 100ಕ್ಕೆ 265, 500ಕ್ಕೆ 1325, 1000ಕ್ಕೆ 2650 ಎಂದು ಮೇಲಕ್ಕೇ ಹೊಂದಿಸಿ ಬರೆಯಿರಿ. ಕೆಳಕ್ಕೆ ಹೊಂದಿಸಿದರೆ ಖರ್ಚು ಕಡಿಮೆ ಕಾಣುತ್ತದೆ. 350 ಬಾತ್‌ನ ಅಂಗಿ ಚೀಟಿಯಲ್ಲಿ 930, ನಿಜದಲ್ಲಿ 924.

ನಿಖರತೆಯಲ್ಲಿ ಆ್ಯಪ್ ಮುಂದೆ ಅನಿಸುತ್ತದೆ, ಆದರೆ ಅದು ಸಾಮಾನ್ಯವಾಗಿ ತೋರಿಸುವುದು ಮಾರುಕಟ್ಟೆಯ ಮಧ್ಯದ ದರ, ಅಂದರೆ ಕೊಳ್ಳುವ ಮತ್ತು ಮಾರುವ ದರಗಳ ನಡುವಿನದು. ನಾವು ನೋಟು ಕೊಳ್ಳುವುದು ಅದಕ್ಕಿಂತ ದುಬಾರಿಗೆ. ನೆಟ್ ಇಲ್ಲದಿದ್ದರೆ ಹಳೆಯ ದರವೇ ನಿಂತಿರಬಹುದು, ಆ್ಯಪಿನಲ್ಲಿ ದಿನಾಂಕ ನೋಡಬೇಕು.

ಚೀಟಿಯಲ್ಲೂ ಎಲ್ಲಕ್ಕಿಂತ ಮೇಲೆ "1 ಬಾತ್ = 2.64 ರೂ., ಕೊಂಡ ದಿನ" ಎಂದು ತಾರೀಖು, ವರ್ಷ ಸಮೇತ ಬರೆಯಿರಿ. ದಿನಾಂಕವಿಲ್ಲದ ಚೀಟಿ ಮುಂದಿನ ಪ್ರವಾಸದಲ್ಲಿ ದಾರಿ ತಪ್ಪಿಸುತ್ತದೆ.

ಸಂತೆಯಲ್ಲಿ ನೋಟು ಕೊಟ್ಟು ಕೊಳ್ಳುವ ಅತ್ತೆಗೆ ಚೀಟಿ. ಹೋಟೆಲ್ ಬಿಲ್ಲಿಗೆ ಕಾರ್ಡ್ ಉಜ್ಜುವ ನಿಮಗೆ ಆ್ಯಪ್, ಜೊತೆಗೆ ಬ್ಯಾಂಕಿನ ಶುಲ್ಕವನ್ನೂ ಸೇರಿಸಿಕೊಳ್ಳಿ.