ಮೂರು ಹೂಡಿಕೆ, ಕಡಿಮೆ ಏರಿಳಿತ: ಸೂತ್ರವೋ, ಸಾಲ್ವರೋ?

ಕುಂಬಳೆಯಲ್ಲಿ ಎಂ.ಕಾಂ. ಓದುವ ತಮ್ಮ ಕೇಳಿದ: "ಕನಿಷ್ಠ ವೇರಿಯನ್ಸ್‌ನ ಪಾಲು ಹುಡುಕಲು ಯಾವ ದಾರಿ ಹಿಡಿಯಲಿ ಅಣ್ಣಾ?" ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಚಿನ್ನ, ನಿಫ್ಟಿ, ಬ್ಯಾಂಕ್ ಫಂಡ್‌ಗಳ ವೇರಿಯನ್ಸ್ 200, 250, 500. ನಿಫ್ಟಿ–ಬ್ಯಾಂಕ್ ಕೋವೇರಿಯನ್ಸ್ 300, ಉಳಿದವು ಸೊನ್ನೆ.

ಬೇಗ ಆಗಬೇಕೆಂದರೆ ಸೂತ್ರವೇ ಸರಿ. ಎಕ್ಸೆಲ್‌ನ B2:D4ರಲ್ಲಿ ಈ ವೇರಿಯನ್ಸ್–ಕೋವೇರಿಯನ್ಸ್‌ಗಳ 3×3 ಕೋಷ್ಟಕವನ್ನು, F2:F4ರಲ್ಲಿ ಮೂರು ಒಂದುಗಳನ್ನು ಬರೆದು:

```
=MMULT(MINVERSE(B2:D4),F2:F4)
```

ಬಂದ ಮೂರು ಸಂಖ್ಯೆಗಳನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಚಿನ್ನ 53.8%, ನಿಫ್ಟಿ 61.5%, ಬ್ಯಾಂಕ್ −15.4%. ವೇರಿಯನ್ಸ್ 107.7.

ಆ ಮೈನಸ್ ಅಂದರೆ ಬ್ಯಾಂಕ್ ಫಂಡನ್ನು ಸಾಲ ತಂದು ಮಾರಬೇಕು ಅಂತ. ಸಾಮಾನ್ಯ ಹೂಡಿಕೆದಾರರಿಗೆ ಅದು ಆಗದ ಮಾತು, ಅಲ್ವಾ? ಸುಮ್ನೆ ಅದನ್ನು ಸೊನ್ನೆ ಮಾಡಿ ಉಳಿದೆರಡನ್ನು 100%ಕ್ಕೆ ಹಿಗ್ಗಿಸುವವರು ಜಾಸ್ತಿ. ಆಗ ವೇರಿಯನ್ಸ್ 114.7ಕ್ಕೆ ಏರುತ್ತದೆ.

ಇಲ್ಲಿ ಎಕ್ಸೆಲ್ ಸಾಲ್ವರ್ ಮೇಲು. ವೇರಿಯನ್ಸ್ ಕನಿಷ್ಠ, ಮೊತ್ತ 1, ಪಾಲು ಸೊನ್ನೆಗಿಂತ ಕಡಿಮೆ ಆಗಬಾರದು ಎಂದು ಕೊಡಿ. ಚಿನ್ನ 55.6%, ನಿಫ್ಟಿ 44.4%, ಬ್ಯಾಂಕ್ 0 ಬರುತ್ತದೆ. ವೇರಿಯನ್ಸ್ 111.1. ಅಂಕಿ ಬದಲಾದಾಗಲೆಲ್ಲ ಮತ್ತೆ ಓಡಿಸಬೇಕು, ಅದೊಂದು ಕಿರಿಕಿರಿ. ಸೂತ್ರವಾದರೆ ತಾನೇ ಬದಲಾಗುತ್ತದೆ.

ಉತ್ತರ ಸರಿಯೇ ಎಂದು ನೋಡಲು ಪ್ರತಿ ಫಂಡ್‌ಗೂ ಒಟ್ಟು ಹೂಡಿಕೆಗೂ ಇರುವ ಕೋವೇರಿಯನ್ಸ್ ಲೆಕ್ಕ ಹಾಕಿ. ಚಿನ್ನ, ನಿಫ್ಟಿ ಎರಡಕ್ಕೂ 111.1. ಬಿಟ್ಟ ಬ್ಯಾಂಕ್‌ಗೆ 133.3, ಅಂದರೆ ಸೇರಿಸಿದರೆ ಏರಿಳಿತ ಹೆಚ್ಚುತ್ತದೆ.

ಪರೀಕ್ಷೆಯಲ್ಲಿ ಶಾರ್ಟ್ ಮಾರಾಟಕ್ಕೆ ತಡೆ ಇಲ್ಲದಿದ್ದರೆ ಸೂತ್ರ ಬಳಸು. ಸ್ವಂತ ದುಡ್ಡಿಗೂ ಮೊದಲು ಸೂತ್ರವನ್ನೇ ಹಾಕು. ಮೈನಸ್ ಬಂದರೆ ಮಾತ್ರ ಸಾಲ್ವರ್ ತೆರೆ.